ನೀವು ಯಾರ ಪೈಕಿ?

ಕಾರ್ಖಾನೆಯ ಸೀಜನ್ ಮುಗಿದರೆ ನಾನು ಮನೆಯವಳು, ಶುರುವಾದರೆ ಕೆಮಿಸ್ಟ್. ವರ್ಷದಲ್ಲಿ ಎರಡು ಸಲ ಹೀಗೆ ವೇಷ ಬದಲಿಸಿ ಬದಲಿಸಿ ನನಗೇ ಬೇಸರ ಬಂದಿತ್ತು. ಮುಧೋಳದ ದಾರಿಯಲ್ಲಿ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೆಲಸ. ಕಬ್ಬು ಬರುತ್ತಿರುವ ತನಕ ರಸ ಅಳೆಯುವುದು, ಪಾಕ ಅಳೆಯುವುದು, ಬಾಯ್ಲರಿಗೆ ಹೋಗುವ ನೀರು ಪರೀಕ್ಷೆ ಮಾಡುವುದು. ಕಬ್ಬು ನಿಂತ ಮರುದಿನ ಗೇಟಿನವನು "ಮುಂದಿನ ಸೀಜನ್ನಿಗೆ ಬರ್ರಿ ಮೇಡಂ" ಅಂತ ನಗುತ್ತ ಕಳಿಸಿಕೊಡುತ್ತಿದ್ದ. ಅವನ ನಗೆಯಲ್ಲಿ ತಪ್ಪೇನೂ ಇರಲಿಲ್ಲ, ನನಗೆ ಮಾತ್ರ ಅದನ್ನು ಕಂಡರೆ ಮೈ ಉರಿಯುತ್ತಿತ್ತು.

ಮದುವೆಯಾಗಿ ಬಂದದ್ದು ರಬಕವಿಯ ನೇಕಾರರ ಮನೆಗೆ. ಮಾವನದು ಕೈಮಗ್ಗ, ಗಂಡನದು ವಿದ್ಯುತ್ ಮಗ್ಗ. ಒಂದೇ ಗೋಡೆಯ ಆಚೆ ಈಚೆ ಇಬ್ಬರೂ ನೇಯುತ್ತಾರೆ, ಒಬ್ಬರ ಸದ್ದಿನ ಬಗ್ಗೆ ಇನ್ನೊಬ್ಬರು ದೂರುತ್ತಾರೆ. ಸೀಜನ್ ಇಲ್ಲದಾಗ ನಾನು ಅತ್ತೆಯ ಜೊತೆ ಕಂಡಿಕೆ ಸುತ್ತುತ್ತಿದ್ದೆ. ಆ ಕೆಲಸ ಕೀಳೆಂದು ನನಗೆ ಯಾವತ್ತೂ ಅನಿಸಿಲ್ಲ. ಆದರೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವಾಗ ಕೈ ಓಡುತ್ತಿತ್ತೇ ಹೊರತು ತಲೆ ಖಾಲಿ ಕೂತಿರುತ್ತಿತ್ತು. ಓದಿದ್ದೆಲ್ಲ ತುಕ್ಕು ಹಿಡಿಯುತ್ತಿದೆ ಅಂತ ಹೆದರಿಕೆ ಆಗುತ್ತಿತ್ತು. ವರ್ಷವಿಡೀ ನಡೆಯುವ ಒಂದು ನೌಕರಿ ಬೇಕು, ಸಂಜೆ ಬಸ್ಸಿಗೆ ಮನೆಗೆ ಬರುವಂತಿರಬೇಕು, ಲ್ಯಾಬಿನದೇ ಇರಬೇಕು. ನನ್ನ ಆಸೆ ಇಷ್ಟೇ. ಇಷ್ಟೇ ಅಂದರೂ ನಮ್ಮ ಭಾಗದಲ್ಲಿ ಅದು ಸಣ್ಣದಲ್ಲ. ರಸಾಯನಶಾಸ್ತ್ರ ಓದಿದವರಿಗೆ ಇಲ್ಲಿ ಒಂದೋ ಸಕ್ಕರೆ, ಇಲ್ಲವೋ ಸಾಲಿ ಮಾಸ್ತರಿಕೆ ಅಂತ ನಾನೂ ಎಲ್ಲರ ಹಾಗೆ ನಂಬಿದ್ದೆ.

ಆ ನಂಬಿಕೆ ಕೆಡಿಸಿದವಳು ನನ್ನ ನಾದಿನಿ. ಜಮಖಂಡಿಯ ಒಂದು ಕಾಲೇಜಿನಲ್ಲಿ ಮಕ್ಕಳಿಗೆ ನೌಕರಿ ಕೊಡಿಸುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ, ಊರಿನ ಮಕ್ಕಳಿಗೆಲ್ಲ ಬುದ್ಧಿ ಹೇಳುತ್ತಾಳೆ, ಮನೆಯಲ್ಲಿ ಯಾರೂ ಕೇಳುವುದಿಲ್ಲ ಅಂತ ಸಿಟ್ಟು ಮಾಡಿಕೊಳ್ಳುತ್ತಾಳೆ. ಆ ವರ್ಷ ಸೀಜನ್ ಮುಗಿಸಿ ಬಂದ ನಾನು ಹಳೇ ಅರ್ಜಿಯನ್ನೇ ಮತ್ತೆ ನಾಲ್ಕಾರು ಸಕ್ಕರೆ ಕಾರ್ಖಾನೆಗೆ ಕಳಿಸುತ್ತ ಕೂತಿದ್ದೆ. ಅವಳು ಹಿಂದೆ ನಿಂತು ನೋಡಿದಳು.

"ವೈನಿ, ಅಲ್ಲೆಲ್ಲಾ ಈಗ ಬೀಗ ಬಿದ್ದಾವು. ಬೀಗಕ್ಕ ಅರ್ಜಿ ಹಾಕಾಕತ್ತೀರೇನು?"

"ಮತ್ತ ಎಲ್ಲಿ ಹಾಕ್ಲಿ? ಎಲ್ಲಿ ನೌಕರಿ ಅದಾವು ಅಂತ ಯಾರರೆ ಹೇಳ್ಯಾರ ನನಗ?"

"ನಿಮ್ಮ ಜೋಡಿ ಓದಿದವ್ರು ಎಲ್ಲಿ ಅದಾರ ಅಂತ ನೋಡ್ರಿ. ಅವ್ರಿಗೆ ಕೊಟ್ಟವ್ರು ನಿಮಗೂ ಕೊಟ್ಟಾರು."

ಮಾತು ಸರಳವಾಗಿತ್ತು. ನನಗೆ ಹೊಳೆದಿರಲಿಲ್ಲ, ಅಷ್ಟೇ.

ಭಾನುವಾರ ಊಟವಾದ ಮೇಲೆ ಅವಳು ಲ್ಯಾಪ್‌ಟಾಪ್ ತೆರೆದಳು. ನೌಕರದಾರರೆಲ್ಲ ತಮ್ಮ ತಮ್ಮ ಓದು, ಕೆಲಸ ಬರೆದಿಡುವ ಜಾಲತಾಣವೊಂದಿದೆಯಲ್ಲ, ಅದರಲ್ಲಿ ನನ್ನದೂ ಒಂದು ಖಾತೆ ಇತ್ತು, ಜೇಡರ ಬಲೆ ಕಟ್ಟಿಕೊಂಡು ಬಿದ್ದಿತ್ತು. ಅವಳು ನಾನು ಓದಿದ ಕಾಲೇಜಿನ ಪುಟ ಹುಡುಕಿ, ಅದರೊಳಗೆ ಹಳೇ ವಿದ್ಯಾರ್ಥಿಗಳ ಭಾಗಕ್ಕೆ ಹೋದಳು. ಅಲ್ಲಿ ಸಾಲು ಸಾಲು ಪಟ್ಟಿಗಳು: ಎಲ್ಲಿ ಇದ್ದಾರೆ, ಯಾವ ಕಂಪನಿಯಲ್ಲಿದ್ದಾರೆ, ಏನು ಕೆಲಸ ಮಾಡುತ್ತಾರೆ, ಏನು ಓದಿದ್ದಾರೆ. 'ರಸಾಯನಶಾಸ್ತ್ರ' ಅಂತ ಇದ್ದಲ್ಲಿ ಒತ್ತಿದರೆ ಉಳಿದವರೆಲ್ಲ ಸರಿದುಹೋಗಿ ಅದನ್ನು ಓದಿದವರು ಮಾತ್ರ ಉಳಿಯುತ್ತಾರೆ. ಅದರ ಮೇಲೆ 'ಬಾಗಲಕೋಟೆ' ಒತ್ತಿದರೆ ಇನ್ನೂ ಸೋಸುತ್ತದೆ. ಹಿಟ್ಟು ಜರಡಿ ಹಿಡಿದಂತೆಯೇ ಅಂದುಕೊಂಡೆ.

ಜರಡಿ ಹಿಡಿದು ಉಳಿದದ್ದು ನೋಡಿದರೆ ಬೊಗಸೆಯಷ್ಟೂ ಇಲ್ಲ. ಇದ್ದವರೂ ಸಕ್ಕರೆಯವರು, ಮಾಸ್ತರರು. ನನಗೆ ಗೊತ್ತಿದ್ದ ಗೆಳತಿಯರೇ ಕಾಣಲಿಲ್ಲ. ಬೀಳಗಿಯವಳೊಬ್ಬಳು ನನ್ನ ಪಕ್ಕದಲ್ಲೇ ಕೂತು ಮೂರು ವರ್ಷ ಓದಿದವಳು, ಅವಳೂ ಇಲ್ಲ.

"ನೀವರೆ ಅದೀರೇನು ನೋಡ್ರಿ" ಅಂದಳು ನಾದಿನಿ.

ನಾನೂ ಇರಲಿಲ್ಲ! ಅದೇ ಕಾಲೇಜಿನ ಮೆಟ್ಟಿಲು ಸವೆಸಿದವಳು ಅದರ ಹಳೇ ವಿದ್ಯಾರ್ಥಿಗಳಲ್ಲಿ ಇಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಯಾರ ಮೇಲೆ ಅಂತ ತಿಳಿಯಲಿಲ್ಲ. ನಾದಿನಿ ನನ್ನ ಖಾತೆ ತೆರೆದು ನೋಡಿ ನಗಲಿಕ್ಕೆ ಶುರುಮಾಡಿದಳು. ಕಾಲೇಜಿನ ಹೆಸರನ್ನು ನಾನು ಅಲ್ಲಿದ್ದ ಪಟ್ಟಿಯಿಂದ ಆರಿಸದೆ ಕೈಯಾರೆ ಬರೆದಿದ್ದೆ. ನಾನು ಓದಿದ್ದೂ ಜಮಖಂಡಿಯಲ್ಲೇ, ಕಾಲೇಜಿನ ಹೆಸರಿನಲ್ಲೇ ಊರಿನ ಹೆಸರಿದೆ. ಜಮಖಂಡಿಯನ್ನು ಕನ್ನಡದಲ್ಲಿ ಬರೆಯಲು ಒಂದೇ ದಾರಿ. ಇಂಗ್ಲಿಷಿನಲ್ಲಿ ನಮ್ಮವರು ಬಾಯಿಗೆ ಬಂದಂತೆ ಬರೆಯುತ್ತಾರೆ, ಒಬ್ಬರು ನಡುವೆ ಒಂದು ಅಕ್ಷರ ಸೇರಿಸುತ್ತಾರೆ, ಒಬ್ಬರು ತೆಗೆಯುತ್ತಾರೆ. ಬಸ್ಸಿನ ಫಲಕದಲ್ಲಿ ಒಂದು, ಅಂಗಡಿಯ ಫಲಕದಲ್ಲಿ ಇನ್ನೊಂದು. ಕಾಲೇಜಿನ ಪುಟ ಒಂದು ಬಗೆಯಲ್ಲಿದ್ದರೆ ನಾನು ಬರೆದದ್ದು ಬೇರೆ. ಹೀಗೆ ಕೈಯಾರೆ ಬರೆದವರು ಆ ಪುಟಕ್ಕೆ ಜೋಡಣೆಯೇ ಆಗುವುದಿಲ್ಲವಂತೆ. ನಮ್ಮ ಊರ ಕಡೆಯ ಅರ್ಧ ಜನ ಹೀಗೆ ಕಳೆದುಹೋಗಿ ಕೂತಿದ್ದಾರೆ ಅನ್ನುವುದು ಆಗ ತಿಳಿಯಿತು.

ಮೊದಲು ನನ್ನ ಖಾತೆಯಲ್ಲಿ ಹೆಸರು ಸರಿಮಾಡಿದೆವು. ಆಮೇಲೆ ನಾದಿನಿ ಕಾಲೇಜಿನ ಪುಟ ಬಿಟ್ಟು, ಜನರನ್ನು ಹುಡುಕುವ ಕಡೆಗೆ ಹೋಗಿ, ಓದಿದ ಸಂಸ್ಥೆ ಅನ್ನುವಲ್ಲಿ ಊರಿನ ಹೆಸರನ್ನು ಒಂದೊಂದು ಬಗೆಯಲ್ಲಿ ಬರೆದು ನೋಡಿದಳು. ಬಂದರಲ್ಲ ಜನ! ಬೀಳಗಿಯ ಗೆಳತಿ ಸಿಕ್ಕಳು, ಬೀಜ ಪರೀಕ್ಷಿಸುವ ಲ್ಯಾಬಿನಲ್ಲಿದ್ದಾಳೆ. ಒಬ್ಬ ಸಿಮೆಂಟಿನ ಲ್ಯಾಬಿನಲ್ಲಿ, ಇನ್ನೊಬ್ಬ ಹತ್ತೆಂಟು ಹಳ್ಳಿಗೆ ಕುಡಿಯುವ ನೀರು ಶುದ್ಧಮಾಡಿ ಕೊಡುವಲ್ಲಿ. ಒಬ್ಬಾಕೆ ನೂಲಿಗೆ ಹಾಕುವ ಬಣ್ಣ ಮತ್ತು ರಾಸಾಯನಿಕ ಮಾಡುವ ಕಂಪನಿಯಲ್ಲಿ. ಇವೆಲ್ಲ ಬಸ್ಸಿನ ಹಾದಿಯಲ್ಲೇ ಇರುವ ಜಾಗಗಳು. ಇವುಗಳ ಎದುರಿಗೇ ನಾನು ಎಷ್ಟು ವರ್ಷ ಬಸ್ಸಿನಲ್ಲಿ ಕೂತು ಹೋಗಿಲ್ಲ? ಒಳಗೆ ಒಬ್ಬ ಕೆಮಿಸ್ಟ್ ಇರುತ್ತಾರೆ ಅನ್ನುವುದೇ ತಲೆಗೆ ಬಂದಿರಲಿಲ್ಲ.

ಬಣ್ಣದ ಕಂಪನಿಯ ಮೇಲೆ ನನ್ನ ಕಣ್ಣು ಬಿತ್ತು. ಅವರದೊಂದು ಸಣ್ಣ ಲ್ಯಾಬ್ ಬನಹಟ್ಟಿಯಲ್ಲೇ ಇತ್ತು. ನಾದಿನಿ ಕಂಪನಿಯ ಪುಟಕ್ಕೆ ಹೋಗಿ ಅಲ್ಲಿ ಕೆಲಸ ಮಾಡುವವರ ಪಟ್ಟಿ ತೆರೆದಳು. ಬಹಳ ಮಂದಿ ಮುಂಬೈ, ಗುಜರಾತಿನವರು. ಊರು ನಮ್ಮ ಕಡೆಯದು ಅಂತ ಒತ್ತಿದಾಗ ಉಳಿದವರು ಬೆರಳೆಣಿಕೆ, ಅದರಲ್ಲಿ ನಮ್ಮ ಕಾಲೇಜಿನವಳು ಆಕೆ ಒಬ್ಬಳೇ. ನನಗಿಂತ ಕೆಲವು ವರ್ಷ ಹಿರಿಯಳು. ಕಂಪನಿಯ ಜಾಲತಾಣದಲ್ಲಿ ಬನಹಟ್ಟಿಗೆ ಲ್ಯಾಬ್ ಕೆಮಿಸ್ಟ್ ಬೇಕು ಅಂತ ಒಂದು ಜಾಗ ಖಾಲಿಯೂ ಇತ್ತು.

"ದೊಡ್ಡ ಸಾಹೇಬ್ರಿಗೆ ಬರದ್ರ ಆಗೂದಿಲ್ಲೇನು?" ಅಂತ ಕೇಳಿದೆ.

"ಅವ್ರು ಓದೂದು ಸುದ್ದಾ ಇಲ್ಲ ವೈನಿ. ಅದ ಕೆಲಸದಾಗ ಇದ್ದವ್ರು, ನಿಮಗಿಂತ ಒಂದ ಮೆಟ್ಲಾ ಮ್ಯಾಲ ಇದ್ದವ್ರು, ಅವ್ರಿಗೆ ಬರೀಬೇಕು. ಕೆಲಸ ಏನಂತ ಅವ್ರಿಗೆ ಗೊತ್ತಿರ್ತೈತಿ. ಹಿಡಿಸಿದ್ರ ಕಂಪನಿ ಒಳಗಿಂದ ನಿಮ್ಮ ಹೆಸರು ಸೂಚಿಸ್ತಾರು. ಅದಕ್ಕ ರೆಫರಲ್ ಅಂತಾರು."

ಬರೆಯುವುದು ನಾನೇ ಅಂತ ಹಟ ಹಿಡಿದೆ. ಆ ಜಾಲತಾಣದಲ್ಲಿ ಪರಿಚಯ ಬೇಡುವಾಗ ಜೊತೆಗೆ ಒಂದು ಚೀಟಿ ಕಳಿಸಬಹುದು, ಅದೂ ಗೇಣುದ್ದದ್ದು ಅಷ್ಟೇ. ನಮ್ಮ ಕಡೆ ಯಾರ ಮನೆಗಾದರೂ ಹೋಗಿ ಚಾಪೆಯ ಮೇಲೆ ಕೂತ ಕೂಡಲೇ ಕೆಲಸದ ಮಾತು ತೆಗೆಯುವವರಿದ್ದಾರೆಯೇ? ನಮಸ್ಕಾರ ಆಗಬೇಕು, ಆರಾಮ ಕೇಳಬೇಕು, ಮನೆಯವರನ್ನು ಮಕ್ಕಳನ್ನು ಕೇಳಬೇಕು, ಬಿಸಿಲು ಬಹಳ ಆಯಿತು ಅನ್ನಬೇಕು. ನಾನು ಹಾಗೆಯೇ ಬರೆದೆ, ಮರ್ಯಾದೆಯಿಂದ. ಮಕ್ಕಳ ಯೋಗಕ್ಷೇಮಕ್ಕೆ ಬರುವಷ್ಟರಲ್ಲಿ ಜಾಗ ತೀರಿತು. ಬೇಕಾದದ್ದು ಏನು ಅಂತ ಒಂದು ಅಕ್ಷರವೂ ಹೋಗಲಿಲ್ಲ. ಇನ್ನೊಂದು ಚೀಟಿ ಹಾಕಿದರಾಯಿತು ಅಂದುಕೊಂಡು ಕಳಿಸಿಯೂ ಬಿಟ್ಟೆ. ಆಕೆ ಒಪ್ಪಿಕೊಳ್ಳುವ ತನಕ ಮತ್ತೆ ಬರೆಯಲಾಗುವುದಿಲ್ಲ ಅನ್ನುವುದು ಕಳಿಸಿದ ಮೇಲೆ ತಿಳಿಯಿತು.

ಎರಡು ದಿನದ ಮೇಲೆ ಆಕೆಯ ಉತ್ತರ ಬಂತು. "ನಾವು ಆರಾಮ ಅದೇವ್ರಿ. ಮಕ್ಳೂ ಆರಾಮ. ಗುರ್ತು ಹತ್ತಲಿಲ್ಲ. ನೀವು ಯಾರ ಪೈಕಿ?"

ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಕೆ ನನ್ನನ್ನು ಯಾರೋ ದೂರದ ಬೀಗರು ಅಂದುಕೊಂಡಿದ್ದಳು! ನಾಚಿಕೆಯಿಂದ ಸತ್ತೆ. ಆದರೆ ಬಾಗಿಲು ತೆರೆದಿತ್ತು. ಈ ಸಲ ನೇರ ಬರೆದೆ: ಯಾರ ಪೈಕಿಯೂ ಅಲ್ಲ, ನಿಮ್ಮದೇ ಕಾಲೇಜಿನ ರಸಾಯನಶಾಸ್ತ್ರ ವಿಭಾಗದವಳು, ಸಕ್ಕರೆ ಕಾರ್ಖಾನೆಯಲ್ಲಿ ಸೀಜನ್ ಕೆಮಿಸ್ಟ್, ನಿಮ್ಮ ಬನಹಟ್ಟಿ ಲ್ಯಾಬಿನ ಜಾಗ ನೋಡಿದ್ದೇನೆ, ಆ ಕೆಲಸ ಹೇಗಿರುತ್ತದೆ ಅಂತ ಸ್ವಲ್ಪ ಹೊತ್ತು ಮಾತಾಡಬಹುದೇ? ಹೆಸರು ಸೂಚಿಸಿರಿ ಅಂತ ಮೊದಲ ಸಲವೇ ಕೇಳಬಾರದು ಅಂತ ನಾದಿನಿ ಕಣ್ಣಲ್ಲೇ ಹೆದರಿಸಿದ್ದಳು, ಅದಕ್ಕೆ ಕೇಳಲಿಲ್ಲ.

ಆಕೆ ಫೋನನ್ನೇ ಮಾಡಿದಳು. ಮಾತು ಚೊಕ್ಕ. "ನೋಡ್ರಿ, ನಾ ನೋಡದವ್ರ ಹೆಸರು ಹಾಕಂಗಿಲ್ಲ. ಗುರುವಾರ ರಬಕವ್ಯಾಗ ನೂಲಿಗೆ ಬಣ್ಣ ಹಾಕೂ ಒಂದ ಮನಿಗೆ ಬರೂದೈತಿ, ಅಲ್ಲಿ ಬರ್ರಿ. ಮತ್ತ ಒಂದ ಮಾತು, ಈಗ ಅರ್ಜಿ ಹಾಕಬ್ಯಾಡ್ರಿ. ನೀವು ಮೊದಲ ಹಾಕಿದ್ರ ನಿಮ್ಮ ಹೆಸರು ಕಂಪನಿ ಕಂಪ್ಯೂಟರಿನ್ಯಾಗ ಕೂತ ಬಿಡ್ತೈತಿ, ಆಮ್ಯಾಲ ನನ್ನ ರೆಫರಲ್ ಹತ್ತಂಗಿಲ್ಲ. ನಾ ಹಾಕಿದ ಮ್ಯಾಲ ನಿಮಗ ಒಂದ ಲಿಂಕ್ ಬರ್ತೈತಿ, ಅದರಾಗ ಹಾಕ್ರಿ."

ಖುಷಿಯಲ್ಲಿ ಇದನ್ನೆಲ್ಲ ನಾನು ನಡುಮನೆಯಲ್ಲಿ ನಿಂತು ನಾದಿನಿಗೆ ಜೋರಾಗಿ ಹೇಳಿದೆ. ಮಾವ ಮಗ್ಗ ನಿಲ್ಲಿಸಿ ಕೇಳುತ್ತಿದ್ದರು.

"ಅಂದ್ರ ವಶೀಲಿ" ಅಂದರು.

"ವಶೀಲಿ ಅಲ್ಲಪ್ಪಾ, ರೆಫರಲ್" ಅಂದಳು ನಾದಿನಿ.

"ಹೆಸರು ಬ್ಯಾರೆ ಇಟ್ರ ಆತೇನು? ಮುಂದಿನ ಬಾಗಲಾ ಬಿಟ್ಟ ಹಿತ್ತಲ ಬಾಗಲಿಂದ ಬಾ ಅಂತಾಳಂದ್ರ ಏನದು? ಅರ್ಜಿ ಹಾಕಬ್ಯಾಡ ಅಂತಾಳ ನೋಡು. ನಾ ಇಷ್ಟ ವರ್ಷ ನೇಯ್ದೇನಿ, ಯಾರ ಕಡಿಂದರೆ ಹೇಳಿಸಿ ಕೆಲಸ ಹಿಡದಿಲ್ಲ."

ನಮ್ಮ ಮಾವನಿಗೆ ಸಿಟ್ಟು ಕಡಿಮೆ, ಅಭಿಮಾನ ಜಾಸ್ತಿ. ಸಿಟ್ಟಾದರೆ ಇಳಿಯುತ್ತದೆ, ಅಭಿಮಾನ ಇಳಿಯುವುದಿಲ್ಲ. ಆ ಮಾತು ಚುಚ್ಚಿತು. ಸೀಜನ್ನಿನಲ್ಲಿ ರಾತ್ರಿ ಪಾಳಿ ಮಾಡಿ ಬಂದು ಮನೆಯಲ್ಲಿ ರೊಟ್ಟಿ ಬಡಿದವಳು ನಾನು, ನನಗೆ ವಶೀಲಿಯ ಪಟ್ಟವೇ ಅಂತ ಒಳಗೊಳಗೇ ಕುದಿದೆ.

ಗುರುವಾರ ಹೋದೆ. ಬಣ್ಣ ಹಾಕುವ ಮನೆಯ ಹಿತ್ತಲಲ್ಲಿ ಗಳುಗಳ ಮೇಲೆ ಒದ್ದೆ ನೂಲಿನ ಲಡಿಗಳು ತೂಗುತ್ತಿದ್ದವು. ಆಕೆ ಎತ್ತರದ ಹೆಣ್ಣುಮಗಳು, ಸೀರೆಯ ಮೇಲೆ ಲ್ಯಾಬಿನ ಬಿಳಿ ಅಂಗಿ, ಕೈಗೆಲ್ಲ ನೀಲಿ ಹತ್ತಿತ್ತು. ಮನೆಯ ಯಜಮಾನ ಆಕೆಯ ಜೊತೆ ಜಗಳಕ್ಕೆ ನಿಂತಿದ್ದ. ಅದೇ ಬಣ್ಣ, ಅದೇ ಅಳತೆ, ಆದರೂ ಆ ವಾರದ ಲಡಿಗಳು ಒಂದೊಂದು ಕಡೆ ಗಾಢ, ಒಂದೊಂದು ಕಡೆ ಪೇಲವ ಬಂದಿದ್ದವು. ನಿಮ್ಮ ಬಣ್ಣವೇ ಕೆಟ್ಟದ್ದು ಅನ್ನುತ್ತಿದ್ದ.

ಆಕೆ ನನ್ನ ಕಡೆ ತಿರುಗಿದಳು. "ನೀವಾಗಿದ್ರ ಎಲ್ಲಿಂದ ಶುರು ಮಾಡ್ತಿದ್ರಿ?"

"ಬಣ್ಣದ್ದು ನನಗ ಏನೂ ಗೊತ್ತಿಲ್ರಿ" ಅಂದೆ. "ನನಗ ಗೊತ್ತಿದ್ದದ್ದು ನೀರು. ನಾ ಮೊದಲ ನೀರ ನೋಡತಿದ್ದೆ. ಬಾವಿ ಬದಲ ಮಾಡ್ಯಾರೇನ್ರಿ?"

ಯಜಮಾನ, ಹಳೇ ಬೋರು ಬತ್ತಿತ್ತು, ಪಕ್ಕದವರ ಬೋರಿನಿಂದ ಪೈಪು ಎಳೆದಿದ್ದೇವೆ ಅಂದ. ಆಕೆ ಚೀಲದಿಂದ ಸಾಮಾನು ತೆಗೆದು ನನ್ನ ಮುಂದೆ ಇಟ್ಟಳು. ಬಾಯ್ಲರಿನ ನೀರಿಗೆ ಪಾಳಿ ಪಾಳಿಗೂ ಮಾಡುತ್ತಿದ್ದ ಅದೇ ಪರೀಕ್ಷೆ. ನೀರಿನ ಗಡಸುತನ ಸಿಕ್ಕಾಪಟ್ಟೆ ಇತ್ತು. ಗಡಸು ನೀರಿನಲ್ಲಿ ಬಣ್ಣ ಸರಿಯಾಗಿ ಕರಗಿ ಹಂಚಿಕೊಳ್ಳುವುದಿಲ್ಲ ಅಂತ ಆಕೆ ನನಗೂ ಯಜಮಾನನಿಗೂ ಕೂಡಿಯೇ ತಿಳಿಸಿ ಹೇಳಿದಳು, ನೀರು ಮೆದು ಮಾಡಲು ಏನು ಹಾಕಬೇಕು ಅಂತ ತೋರಿಸಿದಳು. ನಾನು ಕೇಳಿದ್ದೇ ಕೇಳಿದ್ದು. ಅಂದು ಎಷ್ಟು ದಿನದ ಮೇಲೆ ತಲೆ ಓಡಿತ್ತು!

ಚಹಾ ಕುಡಿಯುವಾಗ ಆಕೆ ಅಂದಳು, "ಹೆಸರು ಸೂಚಿಸೂ ಫಾರ್ಮಿನ್ಯಾಗ, ಇವ್ರು ನಿಮಗ ಹೆಂಗ ಗೊತ್ತು ಅಂತ ಕೇಳ್ತಾರು. ನನಗ ಅಲ್ಲಿ ಸುಳ್ಳ ಬರಿಯಾಕ ಆಗಂಗಿಲ್ಲ. ಇವತ್ತ ನೋಡಿದ್ದಷ್ಟ ಬರೀತೇನಿ. ನಿಮ್ಮ ಬಯೋಡಾಟಾ ಕಳಸ್ರಿ."

ಕಳಿಸಿದೆ. ಮರುದಿನ ಮಧ್ಯಾಹ್ನ ಆಕೆಯ ಫೋನು. "ಅರ್ಜಿ ಹಾಕಬ್ಯಾಡ್ರಿ ಅಂದಿದ್ದೆನಲ್ರಿ? ನಿಮ್ಮ ಹೆಸರು ಮೊದಲ ಅದರಾಗ ಐತಿ. ನಂದು ತಗೊಳ್ಳಾಕತ್ತಿಲ್ಲ."

ನಾನು ಹಾಕಿರಲಿಲ್ಲ. ಮೇಲ್ ತೆರೆದು ನೋಡಿದರೆ, ನಿಮ್ಮ ಅರ್ಜಿ ತಲುಪಿದೆ ಅಂತ ಕಂಪನಿಯ ಉತ್ತರ ಓದದೇ ಬಿದ್ದಿತ್ತು. ಗಂಡನನ್ನು ಕೇಳಿದೆ. ಅವನು ಮಗ್ಗದ ಕಡೆ ನೋಡುತ್ತ, "ಅಪ್ಪಾ ಹಾಕು ಅಂದ್ರು" ಅಂದ. ಮಾವ ಅವನ ಫೋನಿನಲ್ಲಿದ್ದ ನನ್ನ ಬಯೋಡಾಟಾ ಕಳಿಸಿ ಮುಂದಿನ ಬಾಗಿಲಿನಿಂದಲೇ ಅರ್ಜಿ ಹಾಕಿಸಿದ್ದರು. ಸೊಸೆಯ ಮೇಲೆ ವಶೀಲಿಯ ಮಾತು ಬರಬಾರದು ಅಂತ. ನನ್ನ ಒಳ್ಳೆಯದಕ್ಕೇ ಮಾಡಿದ್ದು, ಅದೇ ನನಗೆ ಇನ್ನೂ ಸಿಟ್ಟು ತರಿಸಿತು. ಕೆಟ್ಟದ್ದಕ್ಕೆ ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಅವತ್ತು ಅಡುಗೆಮನೆಯ ಪಾತ್ರೆಗಳಿಗೆ ನನ್ನಿಂದ ಬಹಳ ಪೆಟ್ಟು ಬಿದ್ದವು. ಅತ್ತೆ ಸದ್ದು ಹೊರಗೆ ಕೇಳದಂತೆ ಬಾಗಿಲು ಮುಂದೆ ಮಾಡಿದರು.

ಆಕೆಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ಆಕೆ ನಕ್ಕಳು. "ನಿಮ್ಮ ಮಾವನವ್ರು ಛಲೋ ಅದಾರ ಬಿಡ್ರಿ. ರೆಫರಲ್ ಹತ್ತಿದ್ರ ನನಗ ಕಂಪನಿ ಏನರೆ ಕೊಡ್ತಿತ್ತು, ಅದ ಹೋತು, ಅಷ್ಟ. ಲ್ಯಾಬಿನ ಹಿರೇರಿಗೆ ನಾ ಸುಮ್ನ ಒಂದ ಮೇಲ್ ಹಾಕ್ತೇನಿ, ಅರ್ಜಿ ಬಂದೈತಿ ನೋಡ್ರಿ ಅಂತ. ಅದಕ್ಕ ಯಾರ ಅಡ್ಡಿ?"

ಇದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ನಾದಿನಿ ಹೇಳಿಬಿಟ್ಟಳು. ಕಂಪನಿಯ ಆಕೆಗೆ ಇದರಿಂದ ಇನ್ನು ಏನೂ ಸಿಗುವುದಿಲ್ಲ, ಆದರೂ ಬರೆಯುತ್ತಾಳೆ ಅಂತ ಕೇಳಿ ಮಾವ ಒಂದೇ ಒಂದು ಮಾತು ಕೇಳಿದರಂತೆ: "ಏನೂ ಸಿಗದಿದ್ರ ಯಾಕ ಬರೀತಾಳು?"

ಮೂರನೇ ವಾರ ಸಂದರ್ಶನಕ್ಕೆ ಕರೆ ಬಂತು. ಬನಹಟ್ಟಿಯ ಲ್ಯಾಬಿನಲ್ಲೇ. ಹಿರಿಯರು ಬಹಳ ಕೇಳಿದರು, ಗೊತ್ತಿದ್ದದ್ದು ಹೇಳಿದೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದೆ. ಕೊನೆಗೆ ಅವರು ಆಕೆ ಬರೆದದ್ದನ್ನು ತೆಗೆದು ಓದಿ ಹೇಳಿದರು, "ನಿಮ್ಮ ಸೀನಿಯರ್ ಹಿಂಗ ಬರದಾರ ನೋಡ್ರಿ." ಕೆಲಸ ಸಿಕ್ಕಿತು ಅನ್ನುವ ಪತ್ರ ಬಂದದ್ದು ಮುಂದಿನ ಸೋಮವಾರ. ವರ್ಷವಿಡೀ, ಸಂಜೆ ಬಸ್ಸಿಗೆ ಮನೆ. ನಾದಿನಿ ನನ್ನನ್ನು ಎತ್ತಿಯೇ ಬಿಟ್ಟಳು. ಅತ್ತೆ ಸಿಹಿಗೆ ಸಜ್ಜಕ ಮಾಡಿದರು. ಗಂಡ ಮಗ್ಗ ನಿಲ್ಲಿಸಿ ಬಂದು ತಪ್ಪು ಮಾಡಿದವನಂತೆಯೇ ಇನ್ನೂ ನಗುತ್ತಿದ್ದ.

ಮಾವ ಊಟ ಮುಗಿಸಿ ಕೈತೊಳೆದು ನನ್ನ ಎದುರು ಬಂದು ಕೂತರು.

"ಆ ಹೆಣ್ಣುಮಗಳು ಏನ ಬರದಿದ್ಲು ಯವ್ವಾ?"

ಹೇಳಿದೆ. "ಇವರನ್ನು ನಾನು ಒಂದೇ ಮಧ್ಯಾಹ್ನ ನೋಡಿದ್ದೇನೆ. ಬಣ್ಣದ ಕೆಲಸ ಇವರಿಗೆ ಬರುವುದಿಲ್ಲ, ತಾವೇ ಹೇಳಿದರು. ಬಣ್ಣವನ್ನು ಬೈಯುವ ಮೊದಲು ನೀರನ್ನು ನೋಡಿದರು. ಕಲಿಸಿದರೆ ಕಲಿಯುತ್ತಾರೆ, ಇಂಥವರು ಪಕ್ಕದಲ್ಲಿದ್ದರೆ ನನಗೆ ಕೆಲಸ ಹಗುರ."

"ಇಷ್ಟನಾ?"

"ಇಷ್ಟಾರಿ."

ಅವರು ಕೈಯೊರೆಸಿದ ಟವೆಲ್ಲನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಇದು ವಶೀಲಿ ಅಲ್ಲ" ಅಂದರು. "ಅಕಿ ನಿನ್ನ ಒಂದ ಮಧ್ಯಾಹ್ನ ನೋಡಿ ಇಷ್ಟ ಹೇಳ್ಯಾಳ. ನಾ ಇಷ್ಟ ವರ್ಷ ಒಂದ ಮನ್ಯಾಗ ನೋಡಾಕತ್ತೇನಿ, ಇದರಾಗಿಂದ ಒಂದ ಮಾತೂ ನಿನಗ ಹೇಳಿಲ್ಲ."

ಹಾಗಂದು ಎದ್ದು ಮಗ್ಗದ ಕಡೆ ಹೋದರು. ನಾನು ಅಲ್ಲೇ ಕೂತು, ಯಾರು ನೋಡಿದರೂ ಚಿಂತೆಯಿಲ್ಲ ಅಂತ ಅತ್ತುಬಿಟ್ಟೆ.